ದುಬೈನಿಂದ ಚೀನಾಕ್ಕೆ ಹಣ ಕಳಿಸಲು ಯಾವ ದಾರಿ? ಡಾಲರ್ ಮಾರ್ಗ, ಯುವಾನ್ ಮಾರ್ಗ ಮತ್ತು ಸಿಬಿಡಿಸಿ ಸೇತುವೆಯ ಹೋಲಿಕೆ

ಸೆಂಟ್ರಲ್ ಬ್ಯಾಂಕುಗಳೇ ಹೊರಡಿಸುವ ಡಿಜಿಟಲ್ ಕರೆನ್ಸಿಯನ್ನು, ಅಂದರೆ ಸಿಬಿಡಿಸಿಯನ್ನು, ಗಡಿಯಾಚೆಗಿನ ಪಾವತಿಗೆ ಬಳಸಿದರೆ ಹಣ ಸೆಕೆಂಡುಗಳಲ್ಲಿ ತಲುಪುತ್ತದೆ, ಖರ್ಚು ಅರ್ಧಕ್ಕೆ ಇಳಿಯುತ್ತದೆ ಎಂಬ ಮಾತು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ಈ ಮಾತಿಗೆ ಆಧಾರವಿಲ್ಲದಿಲ್ಲ. ಹಾಂಗ್‌ಕಾಂಗ್ ಮತ್ತು ಥಾಯ್ಲೆಂಡಿನ ಸೆಂಟ್ರಲ್ ಬ್ಯಾಂಕುಗಳು ಮೊದಲು ನಡೆಸಿದ ಇಂಥನಾನ್-ಲಯನ್‌ರಾಕ್ ಪ್ರಯೋಗದಲ್ಲಿ ಮೂರರಿಂದ ಐದು ದಿನ ಹಿಡಿಯುತ್ತಿದ್ದ ವರ್ಗಾವಣೆ 2ರಿಂದ 10 ಸೆಕೆಂಡಿಗೆ ಇಳಿಯಿತು. ಆದರೆ ಸಮಯ ಇಳಿಯಲು ಒಂದು ಕಾರಣವಿದ್ದರೆ ದರ ಇಳಿಯಲು ಬೇರೆಯೇ ಕಾರಣ ಬೇಕು. ಎರಡನ್ನೂ ಒಂದೇ ಗಂಟು ಕಟ್ಟಿ ನೋಡಿದವರು ತಪ್ಪು ದಾರಿ ಆರಿಸುತ್ತಾರೆ.

ಹೋಲಿಕೆಗೆ ಯುಎಇ–ಚೀನಾ ವ್ಯಾಪಾರವನ್ನೇ ತೆಗೆದುಕೊಳ್ಳೋಣ. ಸಿಬಿಡಿಸಿಯಲ್ಲಿ ನಿಜವಾದ ಹಣ ಓಡಾಡಿದ ಕೆಲವೇ ಜೋಡಿಗಳಲ್ಲಿ ಇದೂ ಒಂದು. ದುಬೈ, ಶಾರ್ಜಾಗಳಲ್ಲಿ ಅಂಗಡಿ ಇಟ್ಟು ಚೀನಾದಿಂದ ಸರಕು ತರಿಸುವ ಕರಾವಳಿಯ ವ್ಯಾಪಾರಿಗಳಿಗೆ ಇದು ನೇರ ಸಂಬಂಧಪಟ್ಟ ವಿಷಯ.

ಲೆಕ್ಕಕ್ಕೆ ಒಂದು ಬಿಲ್ಲು

ದುಬೈನ ಒಬ್ಬ ವ್ಯಾಪಾರಿ ಗುವಾಂಗ್‌ಝೌನ ಪೂರೈಕೆದಾರನಿಗೆ 10 ಲಕ್ಷ ಯುವಾನ್ ಕೊಡಬೇಕಾಗಿದೆ ಎಂದುಕೊಳ್ಳಿ. ಡಾಲರಿಗೆ 7.20 ಯುವಾನ್ ಎಂದು ಹಿಡಿಯೋಣ. ದಿರ್ಹಮ್ 1997ರಿಂದ ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿದ ಕರೆನ್ಸಿ. ಆದ್ದರಿಂದ ಮಾರುಕಟ್ಟೆಯ ನಡುದರದಲ್ಲಿ ಈ ಬಿಲ್ಲಿನ ಬೆಲೆ 10,00,000 ÷ 7.20 × 3.6725, ಅಂದರೆ 5,10,069 ದಿರ್ಹಮ್. ಈ ಅಂಕಿಯನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಯಾವ ಬ್ಯಾಂಕು ಯಾವ ಹೆಸರಿನ ಸೇವೆ ಕೊಟ್ಟರೂ, ಖಾತೆಯಿಂದ ಒಟ್ಟು ಹೋಗುವ ದಿರ್ಹಮ್ ಈ ಅಂಕಿಗಿಂತ ಎಷ್ಟು ಹೆಚ್ಚೋ ಅಷ್ಟೇ ಆ ದಾರಿಯ ನಿಜವಾದ ಖರ್ಚು. ‘ಶುಲ್ಕವಿಲ್ಲ’ ಎಂಬ ಜಾಹೀರಾತು ಇಲ್ಲಿ ಏನನ್ನೂ ಹೇಳುವುದಿಲ್ಲ. ಲಾಭವನ್ನು ದರದೊಳಗೆ ಸೇರಿಸಿ ತೆಗೆದುಕೊಂಡಿರುತ್ತಾರೆ.

ಡಾಲರ್ ಮಾರ್ಗ

ಹಳೆಯ ದಾರಿಯಲ್ಲಿ ದಿರ್ಹಮ್ ಮೊದಲು ಡಾಲರಾಗುತ್ತದೆ. ಡಾಲರು ನ್ಯೂಯಾರ್ಕಿನಲ್ಲಿ ಬೇರೆ ಬ್ಯಾಂಕುಗಳ ಪರವಾಗಿ ಖಾತೆ ನಡೆಸುವ ಕರೆಸ್ಪಾಂಡೆಂಟ್ ಬ್ಯಾಂಕಿನ ಖಾತೆಯೊಂದರಿಂದ ಇನ್ನೊಂದಕ್ಕೆ ಸರಿಯುತ್ತದೆ, ಆಮೇಲೆ ಚೀನಾದಲ್ಲಿ ಯುವಾನ್ ಆಗುತ್ತದೆ. ಬ್ಯಾಂಕುಗಳನ್ನು ಜೋಡಿಸುವ ಸ್ವಿಫ್ಟ್ ಜಾಲ ಹಣ ಸಾಗಿಸುವುದಿಲ್ಲ, ಸಂದೇಶವನ್ನಷ್ಟೇ ಒಯ್ಯುತ್ತದೆ. ಹಣವೆಂದರೆ ಒಂದು ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ಇಟ್ಟಿರುವ ನಾಸ್ಟ್ರೋ ಖಾತೆಯ ಬಾಕಿ.

ನಮ್ಮ ಬಿಲ್ಲಿಗೆ ಒಂದು ಉದಾಹರಣೆ ಕಟ್ಟೋಣ. ದಿರ್ಹಮ್–ಡಾಲರ್ ಪರಿವರ್ತನೆಯಲ್ಲಿ ಬ್ಯಾಂಕು 0.25%, ಡಾಲರ್–ಯುವಾನ್‌ನಲ್ಲಿ 0.40% ಇಟ್ಟುಕೊಂಡರೆ ಒಟ್ಟು 0.65%, ಅಂದರೆ ಸುಮಾರು 3,315 ದಿರ್ಹಮ್. ವೈರ್ ಶುಲ್ಕ ಮತ್ತು ನಡುವಿನ ಬ್ಯಾಂಕಿನ ಕಡಿತ ಸೇರಿ 200 ದಿರ್ಹಮ್ ಎಂದರೆ ಒಟ್ಟು 3,515. ಬಿಲ್ಲಿನ 0.69%.

ಇನ್ನು ಸಮಯದ ಬೆಲೆ. ಹಣ ಎರಡು ದಿನ ದಾರಿಯಲ್ಲಿ ಸಿಕ್ಕಿಕೊಂಡಿತು, ವ್ಯಾಪಾರಿಯ ಸಾಲದ ಬಡ್ಡಿ ವರ್ಷಕ್ಕೆ 5% ಎಂದುಕೊಂಡರೆ ಆ ಎರಡು ದಿನಗಳ ಬಡ್ಡಿ 140 ದಿರ್ಹಮ್. ಬಿಲ್ಲಿನ 0.03% ಕೂಡ ಇಲ್ಲ! ದರದಲ್ಲಿ ಹೋಗುವ 3,315ರ ಮುಂದೆ ಇದು ಏನೇನೂ ಅಲ್ಲ. ‘ಸೆಕೆಂಡುಗಳಲ್ಲಿ ಪಾವತಿ’ ಎಂಬುದಕ್ಕಾಗಿ 0.05% ಕೆಟ್ಟ ದರ ಒಪ್ಪಿಕೊಂಡರೂ ವ್ಯಾಪಾರಿಗೆ ನಷ್ಟವೇ. ಇದಕ್ಕೆ ಒಂದೇ ಅಪವಾದ, ಹಣ ಬರುವವರೆಗೆ ಪೂರೈಕೆದಾರ ಸರಕು ಬಿಡದೆ ಬಂದರಿನಲ್ಲಿ ದಿನಬಾಡಿಗೆ ಏರುತ್ತಿರುವ ಸಂದರ್ಭ. ಆಗ ದಿನದ ಬೆಲೆ ಬಡ್ಡಿಯಲ್ಲ, ಬಂದರಿನ ಬಿಲ್ಲು.

ಈ ದಾರಿಯಲ್ಲಿ ತಡವಾಗುವುದಾದರೂ ಎಲ್ಲಿ? ಬಹಳ ಜನ ನಡುವಿನ ಬ್ಯಾಂಕುಗಳನ್ನು ದೂರುತ್ತಾರೆ. ಪಾವತಿಗಳ ಜಾಡು ಹಿಡಿಯುವ ಸ್ವಿಫ್ಟ್ ಜಿಪಿಐ ಸೇವೆಯ ದತ್ತಾಂಶವನ್ನು ಆಧರಿಸಿ, ಸೆಂಟ್ರಲ್ ಬ್ಯಾಂಕುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಬಿಐಎಸ್‌ನ ಪಾವತಿ ಸಮಿತಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಚಿತ್ರ ಕೊಡುತ್ತದೆ. ಅದರ ಪ್ರಕಾರ ಮಧ್ಯಮಾಂಕದ ಸಮಯ 1 ಗಂಟೆ 38 ನಿಮಿಷ. ವೇಗದ ಮಾರ್ಗಗಳಲ್ಲಿ 5 ನಿಮಿಷಕ್ಕಿಂತ ಕಡಿಮೆ, ನಿಧಾನದ ಮಾರ್ಗಗಳಲ್ಲಿ ಎರಡು ದಿನಕ್ಕೂ ಹೆಚ್ಚು. ವಿಳಂಬದ ಹೆಚ್ಚಿನ ಪಾಲು ಕೊನೆಯ ಮೆಟ್ಟಿಲಿನದು, ಅಂದರೆ ಹಣ ಪಡೆಯುವವನ ಬ್ಯಾಂಕಿನೊಳಗೆ ಆಗುವಂಥದು. ಬಂಡವಾಳ ನಿಯಂತ್ರಣದ ದಾಖಲೆ ಪರಿಶೀಲನೆ, ಕಚೇರಿಯ ವೇಳೆ, ದಿನಕ್ಕೊಮ್ಮೆ ಕಂತೆಯಾಗಿ ಲೆಕ್ಕ ಹಾಕುವ ಹಳೆಯ ಸಾಫ್ಟ್‌ವೇರ್, ಇವೇ ಕಾರಣ. ಭಾರತದ ರಫ್ತುದಾರರಿಗೂ ಇದು ಗೊತ್ತಿರುವ ಸಂಗತಿ. ಡಾಲರು ನಾಸ್ಟ್ರೋ ಖಾತೆಗೆ ಬೆಳಿಗ್ಗೆಯೇ ಬಂದಿದ್ದರೂ ಬ್ಯಾಂಕು ದಿನದ ಕೊನೆಯ ಸ್ಟೇಟ್‌ಮೆಂಟ್ ನೋಡಿ, ಹಣ ಯಾವುದಕ್ಕೆ ಬಂತೆಂದು ತಿಳಿಸುವ ಪರ್ಪಸ್ ಕೋಡ್ ಕೇಳಿ, ಮರುದಿನ ಜಮೆ ಮಾಡುವುದುಂಟು. ಸಿಬಿಡಿಸಿ ಬಂದ ಮಾತ್ರಕ್ಕೆ ಈ ಕೊನೆಯ ಮೆಟ್ಟಿಲು ತಾನಾಗಿ ಚಿಕ್ಕದಾಗುವುದಿಲ್ಲ.

ಡಾಲರ್ ಮಾರ್ಗದ ಇನ್ನೊಂದು ಕಾಟ ನಡುವಿನ ಕಡಿತ. ಫಾರ್ಮಿನಲ್ಲಿ ಶುಲ್ಕವನ್ನು ಇಬ್ಬರೂ ಹಂಚಿಕೊಳ್ಳುವ `SHA` ಎಂದು ಗುರುತು ಹಾಕಿದರೆ ದಾರಿಯ ಬ್ಯಾಂಕುಗಳು ಮೊತ್ತದಿಂದಲೇ ತಮ್ಮ ಪಾಲು ಕತ್ತರಿಸಿಕೊಳ್ಳುತ್ತವೆ. ಇಪ್ಪತ್ತು ಡಾಲರ್ ಕಡಿಮೆ ಬಂತೆಂದು ಪೂರೈಕೆದಾರ ಮುಂದಿನ ಸರಕು ತಡೆಹಿಡಿಯುವುದುಂಟು. ಇನ್ವಾಯ್ಸ್‌ನ ಪೂರ್ತಿ ಮೊತ್ತ ತಲುಪಬೇಕಾದರೆ ಎಲ್ಲ ಶುಲ್ಕವನ್ನೂ ಕಳಿಸುವವನೇ ಭರಿಸುವ `OUR` ಆರಿಸಬೇಕು.

ನೇರ ಯುವಾನ್ ಮಾರ್ಗ

ಸಿಬಿಡಿಸಿಯನ್ನು ಹಳೆಯ ಡಾಲರ್ ಮಾರ್ಗದೊಂದಿಗೆ ಮಾತ್ರ ಹೋಲಿಸುವ ಬರಹಗಳು ಈ ದಾರಿಯನ್ನು ಮರೆಯುತ್ತವೆ. ಚೀನಾ 2015ರಲ್ಲಿ ಸಿಐಪಿಎಸ್ ಎಂಬ ಯುವಾನ್ ಪಾವತಿ ವ್ಯವಸ್ಥೆಯನ್ನು ಆರಂಭಿಸಿತು. ನಿಮ್ಮ ಬ್ಯಾಂಕಿಗೆ ಯುವಾನ್ ಖಾತೆ ಇದ್ದರೆ, ಅದು ದಿರ್ಹಮನ್ನು ಒಂದೇ ದರದಲ್ಲಿ ಯುವಾನ್ ಮಾಡಿ ಸೀದಾ ಚೀನಾಕ್ಕೆ ಕಳಿಸಬಲ್ಲದು. ನ್ಯೂಯಾರ್ಕಿನ ಮೆಟ್ಟಿಲು ತಪ್ಪುತ್ತದೆ. ಪೂರೈಕೆದಾರ ಡಾಲರ್ ಬದಲು ಯುವಾನ್‌ನಲ್ಲಿ ಬಿಲ್ಲು ಮಾಡಿದರೆ ದರ ಏರಿಳಿತದ ಭಯಕ್ಕೆ ಅವನು ಬೆಲೆಯಲ್ಲಿ ಸೇರಿಸುತ್ತಿದ್ದ ಸಣ್ಣ ಅಂಚನ್ನೂ ಚೌಕಾಶಿ ಮಾಡಿ ಇಳಿಸಬಹುದು.

ಆದ್ದರಿಂದ ನಾವು ಕೊಡುವ ಮೊದಲ ಸಲಹೆ ಇದು: ಸಿಬಿಡಿಸಿ ಸೇವೆಯ ದರವನ್ನು ಅಳೆಯುವಾಗ ಈ ಎರಡನೇ ದಾರಿಯ ದರದ ಪಕ್ಕದಲ್ಲಿಟ್ಟು ನೋಡಿ. ಅನೇಕ ಸಲ ಲಾಭದ ದೊಡ್ಡ ಪಾಲು ಇಲ್ಲಿಯೇ ಸಿಕ್ಕಿರುತ್ತದೆ.

ಸಿಬಿಡಿಸಿ ಸೇತುವೆ: ಎಂಬ್ರಿಡ್ಜ್ ಹೇಗೆ ಕೆಲಸ ಮಾಡುತ್ತದೆ

ಇಂಥನಾನ್-ಲಯನ್‌ರಾಕ್‌ಗೆ 2021ರಲ್ಲಿ ಯುಎಇ ಮತ್ತು ಚೀನಾದ ಸೆಂಟ್ರಲ್ ಬ್ಯಾಂಕುಗಳು ಸೇರಿದಾಗ ಅದಕ್ಕೆ ಎಂಬ್ರಿಡ್ಜ್ ಎಂಬ ಹೆಸರಾಯಿತು. 2022ರ ಆಗಸ್ಟ್ 15ರಿಂದ ಸೆಪ್ಟೆಂಬರ್ 23ರವರೆಗೆ ನಾಲ್ಕು ದೇಶ-ಪ್ರದೇಶಗಳ 20 ವಾಣಿಜ್ಯ ಬ್ಯಾಂಕುಗಳು ನಿಜವಾದ ಗ್ರಾಹಕರ ಹಣದಲ್ಲಿ 160ಕ್ಕೂ ಹೆಚ್ಚು ವಹಿವಾಟು ನಡೆಸಿದವು, ಮೊತ್ತ 2.2 ಕೋಟಿ ಡಾಲರ್ ದಾಟಿತು. 2024ರ ಜನವರಿಯಲ್ಲಿ ಯುಎಇ 5 ಕೋಟಿ ಡಿಜಿಟಲ್ ದಿರ್ಹಮನ್ನು ಇದೇ ವೇದಿಕೆಯಲ್ಲಿ ಚೀನಾಕ್ಕೆ ಕಳಿಸಿತು. ಅದೇ ವರ್ಷ ಜೂನ್‌ನಲ್ಲಿ ಸೌದಿ ಅರೇಬಿಯಾ ಸೇರಿತು. ಅಕ್ಟೋಬರ್ ಕೊನೆಯಲ್ಲಿ ಬಿಐಎಸ್ ಯೋಜನೆಯಿಂದ ಹೊರನಡೆದು ಅದನ್ನು ಪಾಲುದಾರ ಸೆಂಟ್ರಲ್ ಬ್ಯಾಂಕುಗಳ ಕೈಗೆ ಬಿಟ್ಟಿತು.

ವ್ಯಾಪಾರಿಯ ಕೈಗೆ ಡಿಜಿಟಲ್ ನಾಣ್ಯ ಬರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಇದು ಬ್ಯಾಂಕು–ಬ್ಯಾಂಕುಗಳ ನಡುವಿನ ಸಗಟು ಸಿಬಿಡಿಸಿ. ವ್ಯಾಪಾರಿ ಎಂದಿನಂತೆ ತನ್ನ ಬ್ಯಾಂಕಿಗೆ ದಿರ್ಹಮ್ ಪಾವತಿಯ ಆದೇಶ ಮತ್ತು ಇನ್ವಾಯ್ಸ್ ಕೊಡುತ್ತಾನೆ. ಬ್ಯಾಂಕು ಸೆಂಟ್ರಲ್ ಬ್ಯಾಂಕಿನಲ್ಲಿರುವ ತನ್ನ ಮೀಸಲನ್ನು ಕೊಟ್ಟು ವೇದಿಕೆಯ ಮೇಲೆ ಅಷ್ಟೇ ಮೊತ್ತದ ಡಿಜಿಟಲ್ ದಿರ್ಹಮ್ ಪಡೆಯುತ್ತದೆ. ಆಮೇಲೆ ಯುವಾನ್ ಕೊಡಲು ಒಪ್ಪುವ ಇನ್ನೊಂದು ಬ್ಯಾಂಕಿನೊಂದಿಗೆ ದರ ಗಟ್ಟಿ ಮಾಡಿಕೊಳ್ಳುತ್ತದೆ. ಡಿಜಿಟಲ್ ದಿರ್ಹಮ್ ಆ ಕಡೆಗೂ ಡಿಜಿಟಲ್ ಯುವಾನ್ ಈ ಕಡೆಗೂ ಒಂದೇ ಕ್ಷಣದಲ್ಲಿ ಹೋಗುತ್ತವೆ. ಒಂದು ಹೋಗದಿದ್ದರೆ ಇನ್ನೊಂದೂ ಹೋಗದು. ಸಿಕ್ಕ ಯುವಾನ್ ಪೂರೈಕೆದಾರನ ಬ್ಯಾಂಕಿಗೆ ಸೇರುತ್ತದೆ, ಆ ಬ್ಯಾಂಕು ಅದನ್ನು ಮಾಮೂಲಿ ಯುವಾನ್ ಮಾಡಿ ಖಾತೆಗೆ ಜಮೆ ಮಾಡುತ್ತದೆ.

ಒಂದೇ ಕ್ಷಣದಲ್ಲಿ ಎರಡೂ ಕಡೆ ಪಾವತಿಯಾಗುವುದು ಸಣ್ಣ ಸಂಗತಿಯಲ್ಲ. 1974ರ ಜೂನ್ 26ರಂದು ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕಿನ ಬಾಗಿಲು ಮುಚ್ಚಿಸಿದಾಗ ಅದಕ್ಕೆ ಮಾರ್ಕ್ ಕೊಟ್ಟು ಮುಗಿಸಿದ್ದ ಬ್ಯಾಂಕುಗಳಿಗೆ ನ್ಯೂಯಾರ್ಕಿನಲ್ಲಿ ಬರಬೇಕಿದ್ದ ಡಾಲರ್ ಬರಲೇ ಇಲ್ಲ. ಈ ಅಪಾಯವನ್ನು ತಡೆಯಲೆಂದೇ 2002ರಲ್ಲಿ ಸಿಎಲ್‌ಎಸ್ ಎಂಬ ಸಂಸ್ಥೆ ಕೆಲಸ ಶುರುಮಾಡಿತು. ಆದರೆ ಅದು 18 ಕರೆನ್ಸಿಗಳಿಗೆ ಮಾತ್ರ. ದಿರ್ಹಮ್, ಚೀನಾದ ಯುವಾನ್, ರೂಪಾಯಿ ಯಾವುದೂ ಆ ಪಟ್ಟಿಯಲ್ಲಿಲ್ಲ. ಇಂಥ ಕರೆನ್ಸಿಗಳ ಜೋಡಿಗೆ ಸಿಬಿಡಿಸಿ ಸೇತುವೆಯ ನಿಜವಾದ ಕೊಡುಗೆ ಇದೇ: ಎದುರಿನ ಬ್ಯಾಂಕು ಮುಳುಗೀತು ಎಂಬ ಭಯಕ್ಕೆ ಇಡುತ್ತಿದ್ದ ಸಾಲಮಿತಿ, ಅದಕ್ಕೆ ತಗಲುತ್ತಿದ್ದ ಬಂಡವಾಳ ಎರಡೂ ಕಡಿಮೆಯಾಗುತ್ತವೆ. ಹಿಂದೆ ಸಾಲಮಿತಿ ಸಿಗದೆ ಹೊರಗುಳಿದ ಸಣ್ಣ ಬ್ಯಾಂಕೂ ದರ ಹೇಳಲು ಮುಂದೆ ಬರಬಹುದು.

ದರ ಇಳಿಯುವುದು ಯಾವಾಗ, ಇಳಿಯದಿರುವುದು ಯಾವಾಗ

ದರವನ್ನು ಯಂತ್ರ ನಿರ್ಧರಿಸುವುದಿಲ್ಲ. ಯಾರ ಬಳಿ ಯುವಾನ್ ದಾಸ್ತಾನಿದೆಯೋ, ಯಾರಿಗೆ ದಿರ್ಹಮ್ ಬೇಕಿದೆಯೋ ಅವರು ನಿರ್ಧರಿಸುತ್ತಾರೆ. ಯುಎಇ ತೈಲ ಮಾರಿ ಯುವಾನ್ ಗಳಿಸುತ್ತಿದ್ದರೆ, ಅಲ್ಲಿನ ಬ್ಯಾಂಕುಗಳ ಬಳಿ ಯುವಾನ್ ಇರುತ್ತದೆ. ಸರಕು ತರಿಸುವವನಿಗೆ ಅದನ್ನೇ ನೇರವಾಗಿ ಮಾರಬಹುದು. ಆಗ ಡಾಲರಿನ ಎರಡು ಮೆಟ್ಟಿಲುಗಳ ಅಂಚು, ಅಂದರೆ ನಡುದರದ ಮೇಲೆ ಬ್ಯಾಂಕು ಇಟ್ಟುಕೊಳ್ಳುವ ಲಾಭ, ಒಂದಾಗುತ್ತದೆ. ಐದಾರು ಬ್ಯಾಂಕುಗಳು ಪೈಪೋಟಿಯಲ್ಲಿ ದರ ಕೊಟ್ಟು ಅಂಚು 0.20%ಕ್ಕೆ ಇಳಿದರೆ ನಮ್ಮ ಬಿಲ್ಲಿಗೆ 1,020 ದಿರ್ಹಮ್ ಸಾಕು. ಡಾಲರ್ ಮಾರ್ಗದ 3,515ಕ್ಕೆ ಹೋಲಿಸಿದರೆ ಸುಮಾರು 2,500 ದಿರ್ಹಮ್ ಉಳಿತಾಯ.

ದರ ಹೇಳುವ ಬ್ಯಾಂಕು ಒಂದೋ ಎರಡೋ ಇದ್ದರೆ ಕಥೆ ಬೇರೆ. ಆ ಬ್ಯಾಂಕು ವೇದಿಕೆಯ ಮೇಲೆ ದಿರ್ಹಮ್ ಪಡೆದು ಯುವಾನ್ ಕೊಟ್ಟು, ತನ್ನ ಲೆಕ್ಕ ಸರಿದೂಗಿಸಲು ಹೊರಗಿನ ಮಾರುಕಟ್ಟೆಯಲ್ಲಿ ಮತ್ತೆ ಡಾಲರ್ ಮೂಲಕವೇ ಯುವಾನ್ ಕೊಳ್ಳುತ್ತದೆ. ಡಾಲರಿನ ಎರಡು ಮೆಟ್ಟಿಲು ಎಲ್ಲಿಗೂ ಹೋಗಿರುವುದಿಲ್ಲ, ನಿಮಗೆ ಕಾಣದಂತೆ ಹಿಂದೆ ಸರಿದಿರುತ್ತವೆ, ಅಷ್ಟೇ. ಅಂಚು 0.60% ಆದರೆ ಖರ್ಚು 3,060 ದಿರ್ಹಮ್. ವೇಗ ಬಂತು, ಉಳಿತಾಯ ಬರಲಿಲ್ಲ.

ತಕ್ಷಣದ ಸೆಟಲ್‌ಮೆಂಟಿಗೆ ತನ್ನದೇ ಖರ್ಚೂ ಇದೆ. ವಿದೇಶಿ ವಿನಿಮಯದಲ್ಲಿ ‘ಸ್ಪಾಟ್’ ದರವೆಂದರೆ ಸಾಮಾನ್ಯವಾಗಿ ಎರಡು ಕೆಲಸದ ದಿನಗಳ ನಂತರ ಕೈಬದಲಾಗುವ ಹಣದ ದರ. ಇವತ್ತೇ ಬೇಕೆಂದರೆ ಎರಡು ಕರೆನ್ಸಿಗಳ ಬಡ್ಡಿ ವ್ಯತ್ಯಾಸದಷ್ಟು ದರ ಸರಿಯುತ್ತದೆ. ಭಾರತದ ಬ್ಯಾಂಕುಗಳಲ್ಲಿ ಇದಕ್ಕೆ ‘ಕ್ಯಾಶ್’ ದರ ಎನ್ನುತ್ತಾರೆ. ಡಾಲರಿಗೆ 85 ರೂಪಾಯಿ, ಬಡ್ಡಿ ವ್ಯತ್ಯಾಸ ವರ್ಷಕ್ಕೆ 2% ಎಂದರೆ ಎರಡು ದಿನದ ವ್ಯತ್ಯಾಸ ಡಾಲರಿಗೆ ಒಂದು ಪೈಸೆಯ ಸುತ್ತಮುತ್ತ. ಸಣ್ಣದೇ ಸರಿ, ಆದರೆ ತಕ್ಷಣದ ದರವನ್ನು ಸ್ಪಾಟ್ ದರದೊಂದಿಗೆ ಹೋಲಿಸಿ ‘ಬ್ಯಾಂಕು ಮೋಸ ಮಾಡಿತು’ ಎನ್ನುವ ಮುನ್ನ ಈ ಪೈಸೆ ಕಳೆಯಬೇಕು. ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಮಾತ್ರ ಬ್ಯಾಂಕಿನ ಲಾಭ.

ದೊಡ್ಡ ಖರ್ಚು ಇನ್ನೊಂದಿದೆ. ದಿನದ ಕೊನೆಗೆ ಕೊಡುವುದನ್ನೂ ಬರುವುದನ್ನೂ ಕಳೆದು ಉಳಿದಷ್ಟನ್ನೇ ತೀರಿಸುವ ವ್ಯವಸ್ಥೆಯಲ್ಲಿ ಸ್ವಲ್ಪ ಹಣದಲ್ಲಿ ಬಹಳ ವಹಿವಾಟು ನಡೆಯುತ್ತದೆ. ಪ್ರತಿ ಪಾವತಿಯನ್ನೂ ಆ ಕ್ಷಣವೇ ಪೂರ್ತಿಯಾಗಿ ತೀರಿಸುವ ಸೇತುವೆಯಲ್ಲಿ ಬ್ಯಾಂಕು ಪೂರ್ತಿ ಮೊತ್ತವನ್ನು ಮೊದಲೇ ವೇದಿಕೆಯಲ್ಲಿ ತುಂಬಿಟ್ಟಿರಬೇಕು. ಆ ಹಣದ ಬಡ್ಡಿಯನ್ನು ಯಾರೋ ಭರಿಸಲೇಬೇಕು, ಕೊನೆಗೆ ಅದು ದರದೊಳಗೆ ಬಂದು ಕೂರುತ್ತದೆ. ಬೆಳಿಗ್ಗೆ ದಾಸ್ತಾನು ತುಂಬಿದ್ದಾಗ ಒಳ್ಳೆಯ ದರ, ಮಧ್ಯಾಹ್ನ ಖಾಲಿಯಾದಾಗ ಅಗಲವಾದ ದರ ಸಿಕ್ಕರೆ ಕಾರಣ ಇದೇ ಇರಬಹುದು. ದೊಡ್ಡ ಮೊತ್ತಕ್ಕೆ ಹಿಂದಿನ ದಿನವೇ ಬ್ಯಾಂಕಿಗೆ ತಿಳಿಸುವುದು ಆದ್ದರಿಂದಲೇ ಲಾಭದಾಯಕ.

ಸೆಕೆಂಡುಗಳು ಗಂಟೆಗಳಾಗುವ ಜಾಗ

ಸೇತುವೆ ಹಗಲೂ ರಾತ್ರಿ ತೆರೆದಿದ್ದರೂ ಅದರ ಎರಡೂ ತುದಿಯ ಬಾಗಿಲುಗಳು ಹಾಗಿಲ್ಲ. ಮೀಸಲನ್ನು ಡಿಜಿಟಲ್ ಹಣವಾಗಿ ಮಾಡುವುದು, ಮತ್ತೆ ಹಿಂದಿರುಗಿಸುವುದು ಆಯಾ ದೇಶದ ಪಾವತಿ ವ್ಯವಸ್ಥೆಯ ವೇಳೆಗೆ ಕಟ್ಟುಬಿದ್ದಿರುತ್ತದೆ. ದುಬೈ ಮತ್ತು ಚೀನಾ ನಡುವೆ 4 ಗಂಟೆ ವ್ಯತ್ಯಾಸ. ದುಬೈಯಲ್ಲಿ ಮಧ್ಯಾಹ್ನ 2 ಗಂಟೆಗೆ ಆದೇಶ ಕೊಟ್ಟರೆ ಗುವಾಂಗ್‌ಝೌನಲ್ಲಿ ಸಂಜೆ 6. ವೇದಿಕೆಯ ಮೇಲೆ ಹಣ ಐದು ಸೆಕೆಂಡಿನಲ್ಲಿ ದಾಟಿದರೂ ಪೂರೈಕೆದಾರನ ಬ್ಯಾಂಕಿನ ದಾಖಲೆ ಮೇಜು ಮರುದಿನ ಬೆಳಿಗ್ಗೆಯೇ ತೆರೆಯುವುದು. ಶುಕ್ರವಾರ ಮಧ್ಯಾಹ್ನದ ಆದೇಶವಾದರೆ ಸೋಮವಾರ. ಹೀಗಾಗಿ ಚೀನಾದ ಪಾವತಿಗೆ ದುಬೈಯ ಬೆಳಗಿನ ಹೊತ್ತೇ ಸರಿ, ದಾರಿ ಯಾವುದಾದರೂ.

ವಿಳಂಬ ಎಲ್ಲಾಗಿದೆ ಎಂದು ಪತ್ತೆ ಮಾಡಲು ಬ್ಯಾಂಕಿನಿಂದ ಮೂರು ಸಮಯ ಕೇಳಿ: ನನ್ನ ಖಾತೆಯಿಂದ ಹಣ ಕಡಿತವಾದದ್ದು, ಎದುರಿನ ಬ್ಯಾಂಕಿಗೆ ತಲುಪಿದ್ದು, ಪೂರೈಕೆದಾರನ ಖಾತೆಗೆ ಜಮೆಯಾದದ್ದು. ಸ್ವಿಫ್ಟ್ ಪಾವತಿಯಾದರೆ `UETR` ಎಂಬ ಗುರುತುಸಂಖ್ಯೆ ಕೊಟ್ಟು ಕೇಳಿದರೆ ಇದು ಗೊತ್ತಾಗುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆಯೇ ಹೆಚ್ಚು ಸಮಯ ಹೋಗಿದ್ದರೆ ಸಿಬಿಡಿಸಿಗೆ ಬದಲಾಯಿಸಿ ಪ್ರಯೋಜನವಿಲ್ಲ. ಪೂರೈಕೆದಾರನಿಗೆ ಇನ್ವಾಯ್ಸ್, ಕಸ್ಟಮ್ಸ್ ದಾಖಲೆಗಳನ್ನು ಮುಂಚೆಯೇ ತನ್ನ ಬ್ಯಾಂಕಿಗೆ ಕೊಟ್ಟಿಡಲು ಹೇಳುವುದೇ ಮದ್ದು.

ತಪ್ಪಾದರೆ ಏನು ಎಂಬುದನ್ನೂ ಆಲೋಚಿಸಬೇಕು. ಸ್ವಿಫ್ಟ್ ದಾರಿಯಲ್ಲಿ ತಪ್ಪು ಖಾತೆ ಬರೆದಿದ್ದು ಒಂದೆರಡು ಗಂಟೆಯಲ್ಲಿ ಗೊತ್ತಾದರೆ ಹಣ ಇನ್ನೂ ದಾರಿಯಲ್ಲಿರುವಾಗಲೇ ತಡೆಯುವ ಅವಕಾಶವಿದೆ, ಖಾತ್ರಿಯಿಲ್ಲದಿದ್ದರೂ. ಸೇತುವೆಯ ಮೇಲೆ ಸೆಟಲ್‌ಮೆಂಟ್ ಆದ ಕ್ಷಣವೇ ಅಂತಿಮ. ಹಣ ಪಡೆದವನು ಹೊಸದಾಗಿ ವಾಪಸು ಕಳಿಸಬೇಕು, ಅದೂ ಅವತ್ತಿನ ದರದಲ್ಲಿ. ಹೊಸ ಪೂರೈಕೆದಾರನಿಗೆ ಮೊದಲ ಪಾವತಿಯನ್ನು ಈ ದಾರಿಯಲ್ಲಿ ಪೂರ್ತಿ ಮೊತ್ತ ಕಳಿಸುವುದು ಜಾಣತನವಲ್ಲ.

ಬೀಗದ ಗಡಿಯಾರವೂ ದರವೂ

ಎಲ್ಲ ದೇಶಗಳೂ ಒಂದೇ ವೇದಿಕೆಗೆ ಬರಬೇಕೆಂದಿಲ್ಲ. ಇಸ್ರೇಲ್, ನಾರ್ವೆ, ಸ್ವೀಡನ್ ಸೆಂಟ್ರಲ್ ಬ್ಯಾಂಕುಗಳು ಬಿಐಎಸ್ ಜೊತೆ ಮಾಡಿ 2023ರಲ್ಲಿ ವರದಿ ಕೊಟ್ಟ ಐಸ್‌ಬ್ರೇಕರ್ ಪ್ರಯೋಗದಲ್ಲಿ ಪ್ರತಿ ದೇಶದ ಸಿಬಿಡಿಸಿ ತನ್ನ ವ್ಯವಸ್ಥೆಯಲ್ಲೇ ಉಳಿಯುತ್ತದೆ. ನಡುವಿನ ಕೇಂದ್ರ ಸಂದೇಶಗಳನ್ನು ಜೋಡಿಸುತ್ತದೆ. ಎರಡೂ ಕರೆನ್ಸಿ ಇಟ್ಟುಕೊಂಡ ವಿನಿಮಯಗಾರರು ದರ ಹಾಕುತ್ತಾರೆ, ವ್ಯವಸ್ಥೆ ಅಗ್ಗದ ದರ ಆರಿಸುತ್ತದೆ. ಗ್ರಾಹಕನ ದೃಷ್ಟಿಯಿಂದ ನಮಗೆ ಹೆಚ್ಚು ಇಷ್ಟವಾಗುವ ವಿನ್ಯಾಸ ಇದು, ಯಾಕೆಂದರೆ ಪೈಪೋಟಿಯನ್ನು ವಿನ್ಯಾಸದೊಳಗೇ ಇಟ್ಟಿದ್ದಾರೆ.

ಎರಡು ವ್ಯವಸ್ಥೆಗಳ ನಡುವೆ ನಂಬಿಕೆಗೆ ಇಲ್ಲಿ ಬೀಗ ಹಾಕುತ್ತಾರೆ. ಕಳಿಸುವವನ ಹಣ ಒಂದು ಗುಪ್ತ ಕೀಲಿಯ ಮೇಲೆ ಬೀಗವಾಗಿ ನಿಲ್ಲುತ್ತದೆ, ವಿನಿಮಯಗಾರನ ಹಣವೂ ಆ ದೇಶದಲ್ಲಿ ಅದೇ ಕೀಲಿಗೆ ಬೀಗವಾಗುತ್ತದೆ. ಪಡೆಯುವವನ ಕಡೆ ಕೀಲಿ ತೆರೆದರೆ ಅದೇ ಕೀಲಿಯಿಂದ ವಿನಿಮಯಗಾರ ಈ ಕಡೆಯ ಹಣ ತೆಗೆದುಕೊಳ್ಳುತ್ತಾನೆ. ನಿಗದಿತ ಸಮಯದಲ್ಲಿ ತೆರೆಯದಿದ್ದರೆ ಇಬ್ಬರ ಹಣವೂ ಹಿಂದಕ್ಕೆ. ಕಳಿಸುವ ಕಡೆಯ ಗಡುವು ಪಡೆಯುವ ಕಡೆಯ ಗಡುವಿಗಿಂತ ಉದ್ದ ಇರಲೇಬೇಕು. ಇಲ್ಲದಿದ್ದರೆ ಆ ಕಡೆ ಹಣ ಕೊಟ್ಟಾದ ಮೇಲೆ ಈ ಕಡೆ ಬೀಗದ ಅವಧಿ ಮುಗಿದು ವಿನಿಮಯಗಾರ ಕೈಸುಟ್ಟುಕೊಳ್ಳುತ್ತಾನೆ. ಬೀಗ ಬಿದ್ದಿರುವಷ್ಟು ಹೊತ್ತು ದರ ಬದಲಾಗುವ ಅಪಾಯವೂ ಅವನದೇ. ಅದಕ್ಕೆ ಅವನು ಅಂಚು ಅಗಲ ಮಾಡುತ್ತಾನೆ. ಸಮಯವೂ ದರವೂ ನೇರವಾಗಿ ಕೈಹಿಡಿಯುವ ಜಾಗ ಇದು: ಗಡುವು ಚಿಕ್ಕದಾದಷ್ಟೂ ದರ ಬಿಗಿ. ಪದೇ ಪದೇ ಪಾವತಿ ವಿಫಲವಾಗಿ ಹಣ ಕೆಲಹೊತ್ತು ಸಿಕ್ಕಿಕೊಂಡು ವಾಪಸಾಗುತ್ತಿದ್ದರೆ ಗಡುವು ತೀರಾ ಚಿಕ್ಕದಾಗಿರಬಹುದು.

ಊರಿಗೆ ಕಳಿಸುವ ಸಣ್ಣ ಮೊತ್ತಕ್ಕೆ

ಮಂಗಳೂರಿಗೋ ಭಟ್ಕಳಕ್ಕೋ ತಿಂಗಳಿಗೆ 2,000 ದಿರ್ಹಮ್ ಕಳಿಸುವವರ ಲೆಕ್ಕ ಪೂರ್ತಿ ಬೇರೆ. ಕೊಲ್ಲಿಯ ಎಕ್ಸ್‌ಚೇಂಜ್ ಹೌಸ್‌ಗಳು ಭಾರತದ ಬ್ಯಾಂಕುಗಳಲ್ಲಿ ರೂಪಾಯಿಯನ್ನು ಮೊದಲೇ ಇಟ್ಟಿರುತ್ತವೆ, ಆದ್ದರಿಂದ ಹಣ ನಿಮಿಷಗಳಲ್ಲೇ ಮನೆಯವರ ಖಾತೆಗೆ ಬರುತ್ತಿದೆ. ಇಲ್ಲಿ ಸಿಬಿಡಿಸಿ ಉಳಿಸಬೇಕಾದ ಸಮಯವೇ ಹೆಚ್ಚಿಲ್ಲ. ಉಳಿಸುವುದಿದ್ದರೆ ದರದಲ್ಲಿ.

ಆ ದರ ಅಳೆಯಲು ಡಾಲರ್–ರೂಪಾಯಿ ದರವನ್ನು 3.6725ರಿಂದ ಭಾಗಿಸಿ. ಡಾಲರಿಗೆ 85 ರೂಪಾಯಿ ಇದ್ದರೆ ದಿರ್ಹಮಿಗೆ 23.145. ಕೌಂಟರಿನಲ್ಲಿ 23.00 ಎಂದರೆ 0.63% ಅಲ್ಲೇ ಹೋಯಿತು, 2,000ಕ್ಕೆ ಸುಮಾರು 12.5 ದಿರ್ಹಮ್. ಶುಲ್ಕ 20 ದಿರ್ಹಮ್ ಎಂದರೆ ಒಟ್ಟು 1.63%. ಶುಲ್ಕ ನಿಶ್ಚಿತ ಮೊತ್ತವಾದ್ದರಿಂದ ಎರಡು ತಿಂಗಳಿನದನ್ನು ಒಟ್ಟಿಗೆ ಕಳಿಸಿದರೆ ಒಟ್ಟು 1.13%ಕ್ಕೆ ಇಳಿಯುತ್ತದೆ. ಇವತ್ತೇ, ಯಾವ ಹೊಸ ತಂತ್ರಜ್ಞಾನವೂ ಇಲ್ಲದೆ.

ರಿಸರ್ವ್ ಬ್ಯಾಂಕ್ ಮತ್ತು ಯುಎಇ ಸೆಂಟ್ರಲ್ ಬ್ಯಾಂಕ್ 2023ರ ಮಾರ್ಚ್‌ನಲ್ಲಿ ಸಿಬಿಡಿಸಿ ಸಹಕಾರದ ಒಪ್ಪಂದ ಮಾಡಿಕೊಂಡಿವೆ, ಅದೇ ಜುಲೈಯಲ್ಲಿ ರೂಪಾಯಿ–ದಿರ್ಹಮ್‌ನಲ್ಲೇ ವ್ಯಾಪಾರ ತೀರಿಸುವ ಇನ್ನೊಂದು ಒಪ್ಪಂದವಾಯಿತು. ಸಿಂಗಪುರದಲ್ಲಿರುವವರಿಗಾದರೆ 2023ರ ಫೆಬ್ರುವರಿಯಿಂದ ಯುಪಿಐ–ಪೇನೌ ಕೊಂಡಿ ಇದೆ; ಆರಂಭದ ಮಿತಿ ದಿನಕ್ಕೆ 60,000 ರೂಪಾಯಿ. ಇದಕ್ಕೆ ಡಿಜಿಟಲ್ ಕರೆನ್ಸಿ ಬೇಕಾಗಲಿಲ್ಲ, ಎರಡು ತಕ್ಷಣ ಪಾವತಿ ವ್ಯವಸ್ಥೆಗಳನ್ನು ಜೋಡಿಸಿದ್ದೇ ಸಾಕಾಯಿತು. ಸಣ್ಣ ಮೊತ್ತಗಳಿಗೆ ಈ ಬಗೆಯ ಕೊಂಡಿಯೇ ಮೊದಲು ಕೈಗೆಟಕುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಆಯ್ಕೆ

ದಿರ್ಹಮಿನಿಂದ ಯುವಾನ್‌ಗೆ ದೊಡ್ಡ ಮೊತ್ತ, ಹಳೆಯ ಪೂರೈಕೆದಾರ, ಎರಡೂ ಕಡೆಯ ಬ್ಯಾಂಕು ಎಂಬ್ರಿಡ್ಜ್‌ನಲ್ಲಿ ಇವೆ: ಸಿಬಿಡಿಸಿ ದರ ಕೇಳಿ, ಅದೇ ನಿಮಿಷದಲ್ಲಿ ನೇರ ಯುವಾನ್ ದರವನ್ನೂ ಕೇಳಿ. ವ್ಯತ್ಯಾಸ 0.03%ಕ್ಕಿಂತ ಕಡಿಮೆಯಿದ್ದರೆ ವೇಗದ ದಾರಿ ಹಿಡಿಯಬಹುದು. ಹೆಚ್ಚಿದ್ದರೆ ಅಗ್ಗದ್ದನ್ನು ಹಿಡಿಯಿರಿ. ಪೂರೈಕೆದಾರನ ಬ್ಯಾಂಕು ವೇದಿಕೆಯಲ್ಲಿ ಇಲ್ಲದಿದ್ದರೆ ಕೊನೆಯ ಮೆಟ್ಟಿಲು ಮತ್ತೆ ಚೀನಾದ ಒಳಗಿನ ವರ್ಗಾವಣೆಯೇ ಆಗುತ್ತದೆ, ನೇರ ಯುವಾನ್ ದಾರಿಯಷ್ಟೇ ಸಮಯ. ಡಾಲರ್ ಬಿಲ್ಲು, ಹೊಸ ಪೂರೈಕೆದಾರ, ದಾಖಲೆಯಲ್ಲಿ ಏನಾದರೂ ಗೊಂದಲ ಇದ್ದರೆ `OUR` ಗುರುತಿನ ಸ್ವಿಫ್ಟ್ ಪಾವತಿಯನ್ನೇ ಇಟ್ಟುಕೊಳ್ಳಿ.

ಬ್ಯಾಂಕಿಗೆ ಕೇಳಬೇಕಾದ ಮುಖ್ಯ ಪ್ರಶ್ನೆ ‘ಎಷ್ಟು ಸೆಕೆಂಡು’ ಎಂಬುದಲ್ಲ. ದಿರ್ಹಮ್–ಯುವಾನ್ ದರವನ್ನು ಎಷ್ಟು ಬ್ಯಾಂಕುಗಳಿಂದ ತರಿಸುತ್ತೀರಿ, ಅದು ಇವತ್ತಿನ ಹಣದ ದರವೋ ಸ್ಪಾಟ್ ದರವೋ, ಎಷ್ಟು ನಿಮಿಷ ಗಟ್ಟಿ ಇರುತ್ತದೆ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ‘ನಮ್ಮದೇ ದರ’ ಎಂಬ ಉತ್ತರ ಬಂದರೆ, ಸೇತುವೆಯ ಲಾಭ ಬ್ಯಾಂಕಿನಲ್ಲೇ ಉಳಿಯುವ ಸಾಧ್ಯತೆ ಹೆಚ್ಚು.